ಮಗ ಎಷ್ಟು ಎತ್ತರ ಬೆಳೆದಾನು? ಅಪ್ಪ-ಅಮ್ಮನ ಎತ್ತರದಿಂದ ಹಾಕುವ ಲೆಕ್ಕ, ಅದರ ಆಚೀಚೆ

ಮಗು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ ಎಂದು ಮಡಿಕೇರಿಗೋ ಮೈಸೂರಿಗೋ ಕರೆದುಕೊಂಡು ಹೋದರೆ, ಮಕ್ಕಳ ಡಾಕ್ಟರು ಮಗುವನ್ನು ಅಳೆದ ಮೇಲೆ ಅಪ್ಪ-ಅಮ್ಮನನ್ನೂ ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿ ನಿಲ್ಲಿ ಎನ್ನುತ್ತಾರೆ. ತೋರಿಸಲು ಬಂದದ್ದು ಮಗುವನ್ನು, ನಮ್ಮನ್ನೇಕೆ ಅಳೆಯುತ್ತಾರೆ ಎಂದು ಅನೇಕರಿಗೆ ಅನಿಸುತ್ತದೆ. ಆ ಎರಡು ಅಳತೆಗಳಿಂದ ಹೊರಡುವ ಸಂಖ್ಯೆಯ ಹೆಸರು ಮಿಡ್-ಪೇರೆಂಟಲ್ ಹೈಟ್. ಕೆಲವರು ಟಾರ್ಗೆಟ್ ಹೈಟ್ ಎಂದೂ ಹೇಳುತ್ತಾರೆ. ಮಗು ದೊಡ್ಡದಾದ ಮೇಲೆ ಎಷ್ಟು ಎತ್ತರ ಇರಬಹುದು ಎಂಬುದಕ್ಕೆ ಅದೊಂದು ಅಂದಾಜು. ಒಂದೇ ನಿಮಿಷದಲ್ಲಿ ಮುಗಿಯುವ ಲೆಕ್ಕ. ಜನ ತಪ್ಪುವುದು ಲೆಕ್ಕದಲ್ಲಿ ಅಲ್ಲ, ಉತ್ತರವನ್ನು ಓದುವುದರಲ್ಲಿ.

ಸೂತ್ರ ಇಷ್ಟು. ಎಲ್ಲ ಅಳತೆಯೂ ಸೆಂಟಿಮೀಟರಿನಲ್ಲಿ:

```
ಗಂಡುಮಗು = (ಅಪ್ಪ + ಅಮ್ಮ + 13) ÷ 2
ಹೆಣ್ಣುಮಗು = (ಅಪ್ಪ + ಅಮ್ಮ − 13) ÷ 2
```

ಈ 13 ಎಂಬುದು ಗಂಡಸರ ಸರಾಸರಿ ಎತ್ತರಕ್ಕೂ ಹೆಂಗಸರ ಸರಾಸರಿ ಎತ್ತರಕ್ಕೂ ಇರುವ ಅಂತರ. 1970ರಲ್ಲಿ ಲಂಡನ್ನಿನ ಜೇಮ್ಸ್ ಟ್ಯಾನರ್ ಮತ್ತು ಸಂಗಡಿಗರು ಅಪ್ಪ-ಅಮ್ಮನ ಎತ್ತರವನ್ನೂ ಗಣನೆಗೆ ತೆಗೆದುಕೊಂಡು ಮಕ್ಕಳ ಬೆಳವಣಿಗೆಯ ಮಾನದಂಡ ಪ್ರಕಟಿಸಿದರು. ಈ ಲೆಕ್ಕ ಬಳಕೆಗೆ ಬಂದದ್ದು ಅವರಿಂದ. ನಮ್ಮ ದೇಶದಲ್ಲೂ ಗಂಡು-ಹೆಣ್ಣಿನ ಸರಾಸರಿ ಅಂತರ ಹತ್ತಿರಹತ್ತಿರ ಅಷ್ಟೇ ಇರುವುದರಿಂದ ಸೂತ್ರ ಇಲ್ಲಿಗೂ ಹೊಂದುತ್ತದೆ. ಗಂಡುಮಗುವಿನ ಲೆಕ್ಕ ಹಾಕುವಾಗ ಅಮ್ಮನ ಎತ್ತರಕ್ಕೆ 13 ಸೇರಿಸುತ್ತೇವೆ. ಅಂದರೆ ಅದೇ ಅಮ್ಮ ಗಂಡಸಾಗಿ ಹುಟ್ಟಿದ್ದರೆ ಎಷ್ಟು ಎತ್ತರ ಇರುತ್ತಿದ್ದರು ಎಂದು ಮೊದಲು ಊಹಿಸಿಕೊಂಡು, ಆಮೇಲೆ ಅಪ್ಪನೊಂದಿಗೆ ಸರಾಸರಿ ತೆಗೆಯುತ್ತೇವೆ. ಹೆಣ್ಣುಮಗುವಿಗೆ ಅಪ್ಪನ ಎತ್ತರದಿಂದ 13 ಕಳೆಯುವುದೂ ಇದೇ ಕಾರಣಕ್ಕೆ.

ಈಗ ವಿರಾಜಪೇಟೆ ಕಡೆಯ ಒಂದು ಮನೆಯನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಮಗನಿಗೆ 12 ವರ್ಷ, ಎತ್ತರ 138 ಸೆಂ.ಮೀ. ತರಗತಿಯ ಸಾಲಿನಲ್ಲಿ ಮುಂದೆ ನಿಲ್ಲುವವರಲ್ಲಿ ಅವನೂ ಒಬ್ಬ. ಮಗಳಿಗೆ 9. ಅಪ್ಪನನ್ನು ಕೇಳಿದರೆ ‘ಐದು ಪಾಯಿಂಟ್ ಎಂಟು’ ಎನ್ನುತ್ತಾರೆ, ಅಮ್ಮ ‘ಐದು ಪಾಯಿಂಟ್ ಒಂದು’ ಎನ್ನುತ್ತಾರೆ. ಮೊದಲ ತೊಡಕು ಇಲ್ಲೇ. ಬಾಯಲ್ಲಿ ಹೇಳುವ 5.8 ಎಂದರೆ 5 ಅಡಿ 8 ಇಂಚು, ಅಂದರೆ 172.7 ಸೆಂ.ಮೀ. ಅದನ್ನೇ ಮೊಬೈಲಿನಲ್ಲಿ 5.8 ಅಡಿ ಎಂದು ಒತ್ತಿದರೆ 176.8 ಸೆಂ.ಮೀ. ಬರುತ್ತದೆ. ಅಡಿಗೆ ಹನ್ನೆರಡು ಇಂಚು, ಹತ್ತಲ್ಲ. ಈ ಒಂದು ಚುಕ್ಕೆಯಿಂದಲೇ ಅಪ್ಪನಿಗೆ ನಾಲ್ಕು ಸೆಂಟಿಮೀಟರ್ ಪುಕ್ಕಟೆ ಸಿಕ್ಕಿತು.

ಎರಡನೆಯ ತೊಡಕು, ಹೇಳಿದ ಎತ್ತರಕ್ಕೂ ಇದ್ದ ಎತ್ತರಕ್ಕೂ ಇರುವ ವ್ಯತ್ಯಾಸ. ಗಂಡಸರು ತಮ್ಮ ಎತ್ತರವನ್ನು ಸ್ವಲ್ಪ ಏರಿಸಿ ಹೇಳುವುದು ಲೋಕಾರೂಢಿ. ಹೆಂಡತಿಯ ಎತ್ತರವನ್ನಂತೂ ಕಣ್ಣಂದಾಜಿನಲ್ಲೇ ಹೇಳಿಬಿಡುತ್ತಾರೆ. ಆದ್ದರಿಂದ ಅಳೆಯಲೇಬೇಕು. ಮನೆಯಲ್ಲೇ ಅಳೆಯುವುದಾದರೆ ಹಲಗೆ ಪಟ್ಟಿ ಇಲ್ಲದ ನೇರ ಗೋಡೆ, ಗಾರೆ ನೆಲ, ಕಬ್ಬಿಣದ ಟೇಪು, ಬಡಗಿಯ ಮೂಲೆಮಟ್ಟ ಸಾಕು. ಬರಿಗಾಲಲ್ಲಿ ನಿಂತು ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಿಸಬೇಕು. ಕಣ್ಣಿನ ಕೆಳಗಿನ ಮೂಳೆಯ ಅಂಚೂ ಕಿವಿಯ ರಂಧ್ರವೂ ಒಂದೇ ಮಟ್ಟದಲ್ಲಿರುವಂತೆ ನೇರ ನೋಡಬೇಕು. ಗಲ್ಲ ಎತ್ತಿದರೂ ತಗ್ಗಿಸಿದರೂ ಅಳತೆ ಕೆಡುತ್ತದೆ. ತುರುಬು, ಕ್ಲಿಪ್ಪು, ಜಡೆ ಬಿಚ್ಚಬೇಕು. ಮೂಲೆಮಟ್ಟದ ಒಂದು ಅಂಚನ್ನು ಗೋಡೆಗೆ ಒತ್ತಿ ಇನ್ನೊಂದನ್ನು ತಲೆಗೆ ತಾಗುವಂತೆ ಇಳಿಸಿ, ಕೂದಲು ಚಪ್ಪಟೆಯಾದ ಮೇಲೆ ಗುರುತು ಹಾಕಿ. ಪುಸ್ತಕ ಇಟ್ಟು ಅಳೆದರೆ ಅದು ವಾಲುವುದು ಖಚಿತ. ಎರಡು ಸಲ ಅಳೆಯಿರಿ. ಎರಡಕ್ಕೂ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲವೂ ಅಳೆಯಿರಿ. ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಯ ಹೊತ್ತಿಗೆ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತದೆ, ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ದಿನವಿಡೀ ಭಾರ ಹೊತ್ತು ಒತ್ತಿಕೊಳ್ಳುವುದರಿಂದ. ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಅಳೆಯುವುದು ಒಳ್ಳೆಯದು.

ಹೀಗೆ ಅಳೆದಾಗ ನಮ್ಮ ಮನೆಯ ಅಪ್ಪ 170.5, ಅಮ್ಮ 153.5 ಬಂದರು ಎಂದುಕೊಳ್ಳಿ. ಎರಡೂ ಸೇರಿ 324. ಮಗನಿಗೆ 13 ಕೂಡಿಸಿದರೆ 337, ಅದರ ಅರ್ಧ 168.5 ಸೆಂ.ಮೀ., ಅಂದರೆ 5 ಅಡಿ 6 ಇಂಚಿಗಿಂತ ತುಸು ಹೆಚ್ಚು. ಮಗಳಿಗೆ 13 ಕಳೆದರೆ 311, ಅರ್ಧ 155.5. ಬಾಯಲ್ಲಿ ಹೇಳಿದ ಎತ್ತರಗಳನ್ನೇ ನಂಬಿ ಚುಕ್ಕೆಯ ತಪ್ಪನ್ನೂ ಮಾಡಿದ್ದರೆ ಮಗನಿಗೆ 172.6 ಬರುತ್ತಿತ್ತು. ಅಪ್ಪನೊಬ್ಬನಲ್ಲೇ ಆರು ಸೆಂಟಿಮೀಟರಿನ ತಪ್ಪಾದರೂ ಉತ್ತರ ನಾಲ್ಕೇ ಏರಿತು. ಎರಡರಿಂದ ಭಾಗಿಸುವುದರಿಂದ ಪ್ರತಿಯೊಬ್ಬರ ತಪ್ಪೂ ಅರ್ಧಕ್ಕೆ ಇಳಿಯುತ್ತದೆ. ಆದರೂ ನಾಲ್ಕು ಸೆಂಟಿಮೀಟರ್ ಸಣ್ಣದೇನಲ್ಲ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮಗ 168.5 ಆಗುತ್ತಾನೆ ಎಂದು ಮನೆಗೆ ಹೋಗುತ್ತಾರೆ. ಲೆಕ್ಕದ ಅರ್ಧ ಭಾಗ ಇನ್ನೂ ಉಳಿದೇ ಇದೆ, ಅದೇ ಆಚೀಚೆಯ ಅಂತರ. ಸಾಮಾನ್ಯವಾಗಿ ಹೇಳುವುದು ಮೇಲೆ 8.5, ಕೆಳಗೆ 8.5 ಸೆಂ.ಮೀ. ಕೆಲವು ಪುಸ್ತಕಗಳು ಹುಡುಗರಿಗೆ 10 ಎನ್ನುತ್ತವೆ. 8.5 ಹಿಡಿದರೆ ಈ ಹುಡುಗನ ವ್ಯಾಪ್ತಿ 160ರಿಂದ 177. ಅಡಿಯ ಲೆಕ್ಕದಲ್ಲಿ 5 ಅಡಿ 3 ಇಂಚಿನಿಂದ 5 ಅಡಿ 10 ಇಂಚಿನ ಹತ್ತಿರದವರೆಗೆ. ಮಗಳದು 147ರಿಂದ 164. ಇಷ್ಟು ಅಗಲದ ಉತ್ತರವನ್ನು ಉತ್ತರ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ವ್ಯಾಪ್ತಿಯ ಒಳಗೆ ಎಲ್ಲ ಜಾಗಕ್ಕೂ ಸಮಾನ ಸಾಧ್ಯತೆ ಇದೆ ಎಂದುಕೊಳ್ಳಬಾರದು. ನಡುವಿನ ಸಂಖ್ಯೆಯ ಸುತ್ತ ಮಕ್ಕಳು ದಟ್ಟವಾಗಿ, ಅಂಚಿಗೆ ಹೋದಂತೆ ವಿರಳವಾಗಿ ಇರುತ್ತಾರೆ. ಇಂಥದ್ದೇ ಎತ್ತರದ ಅಪ್ಪ-ಅಮ್ಮಂದಿರ ನೂರು ಆರೋಗ್ಯವಂತ ಗಂಡುಮಕ್ಕಳನ್ನು ತೆಗೆದುಕೊಂಡರೆ ಸುಮಾರು ಅರ್ಧದಷ್ಟು ಮಂದಿ 168.5ರ ಮೂರು ಸೆಂಟಿಮೀಟರ್ ಆಚೀಚೆ ನಿಲ್ಲುತ್ತಾರೆ. ಮೂರರಲ್ಲಿ ಒಬ್ಬ ನಾಲ್ಕಕ್ಕಿಂತ ಹೆಚ್ಚು ಸೆಂಟಿಮೀಟರ್ ದೂರ ಹೋಗುತ್ತಾನೆ. ಐದು ಮಂದಿಯಂತೂ 160-177ರ ಬೇಲಿಯನ್ನೇ ದಾಟುತ್ತಾರೆ. ಅವರಿಗೆ ಕಾಯಿಲೆ ಇರಬೇಕೆಂದೇನಿಲ್ಲ. ಬೇಲಿಯನ್ನು ಹಾಕಿದ್ದೇ ನೂರರಲ್ಲಿ ತೊಂಬತ್ತೈದು ಮಂದಿ ಒಳಗಿರುವಂತೆ.

ಅಳತೆಯನ್ನು ಇನ್ನಷ್ಟು ನಿಖರ ಮಾಡಿದರೆ ಈ ಅಂತರ ಕಿರಿದಾದೀತೇ? ಆಗುವುದಿಲ್ಲ. ಕಾರಣ ಟೇಪಿನಲ್ಲಿ ಇಲ್ಲ, ಹುಟ್ಟಿನಲ್ಲೇ ಇದೆ. ಎತ್ತರ ಒಂದೆರಡು ಜೀನುಗಳ ಕೆಲಸವಲ್ಲ. 2022ರಲ್ಲಿ ಪ್ರಕಟವಾದ, 54 ಲಕ್ಷ ಜನರ ಮಾಹಿತಿ ಬಳಸಿದ ಅಧ್ಯಯನ ಎತ್ತರಕ್ಕೆ ಸಂಬಂಧಿಸಿದ 12 ಸಾವಿರಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳನ್ನು ಗುರುತಿಸಿತು. ಒಂದೊಂದರ ಪಾಲು ಅತ್ಯಲ್ಪ. ಹೆಚ್ಚಿನವು ಮಿಲಿಮೀಟರಿನಷ್ಟೂ ಇಲ್ಲ. ಅಪ್ಪ ತನ್ನಲ್ಲಿರುವುದರ ಅರ್ಧವನ್ನು, ಅಮ್ಮ ತನ್ನಲ್ಲಿರುವುದರ ಅರ್ಧವನ್ನು ಕೊಡುತ್ತಾರೆ. ಯಾವ ಅರ್ಧ ಎಂಬುದು ಪ್ರತಿ ಮಗುವಿಗೂ ಬೇರೆ, ಇಸ್ಪೀಟಿನ ಎಲೆ ಕಲಸಿ ಮತ್ತೆ ಹಂಚಿದ ಹಾಗೆ. ಒಬ್ಬನಿಗೆ ಎರಡೂ ಕಡೆಯಿಂದ ಎತ್ತರದ ಎಲೆಗಳು ಹೆಚ್ಚು ಬೀಳಬಹುದು, ಅವನ ತಮ್ಮನಿಗೆ ಕಡಿಮೆ.

ಇದನ್ನು ಅಂಕಿಯಲ್ಲೂ ನೋಡಬಹುದು. ಒಂದು ಸಮುದಾಯದ ಗಂಡಸರ ಎತ್ತರದ ಹರಹು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 6.5 ಸೆಂ.ಮೀ. ಅದರ ವರ್ಗ 42ರ ಆಸುಪಾಸು. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ವಂಶದಿಂದ ಬಂದದ್ದು ಎಂದಿಟ್ಟುಕೊಂಡರೆ 34. ವಂಶದ ಈ ವ್ಯತ್ಯಾಸದ ಅರ್ಧ ಮನೆ ಮನೆಗಳ ನಡುವಿನದು, ಉಳಿದರ್ಧ ಒಂದೇ ಮನೆಯ ಮಕ್ಕಳ ನಡುವಿನದು. ಆ ಅರ್ಧ 17, ಅದರ ವರ್ಗಮೂಲ ನಾಲ್ಕಕ್ಕಿಂತ ತುಸು ಹೆಚ್ಚು. ಅದನ್ನು ಎರಡರಿಂದ ಗುಣಿಸಿದರೆ 8.2 ಬರುತ್ತದೆ. ಸೂತ್ರದ 8.5ರ ಬಹುಪಾಲು ಈ ಕಲಸಾಟದಿಂದಲೇ ಬಂದದ್ದು ಎಂಬುದು ಇದರಿಂದ ಗೊತ್ತಾಗುತ್ತದೆ. ಊಟ, ಕಾಯಿಲೆ, ಅಳತೆಯ ತಪ್ಪು ಇವೆಲ್ಲ ಅದರ ಮೇಲಿನ ಸೇರಿಕೆ. ಇದೇ ಲೆಕ್ಕದಿಂದ ಒಡಹುಟ್ಟಿದ ಇಬ್ಬರು ಗಂಡುಮಕ್ಕಳ ನಡುವೆ ಸರಾಸರಿ ಐದು ಸೆಂಟಿಮೀಟರಿನಷ್ಟು, ಅಂದರೆ ಎರಡು ಇಂಚಿನಷ್ಟು ವ್ಯತ್ಯಾಸ ಬರುತ್ತದೆ. ಅಣ್ಣ ಐದು ಅಡಿ ಒಂಬತ್ತು ಇಂಚು, ತಮ್ಮ ಐದು ಅಡಿ ಏಳು ಇಂಚು ಇದ್ದರೆ ತಮ್ಮನ ತಟ್ಟೆಯಲ್ಲಿ ದೋಷ ಹುಡುಕಬೇಕಾಗಿಲ್ಲ. ಕಾಫಿ ಕುಡಿದದ್ದಕ್ಕೇ ಹೀಗಾಯಿತು ಎಂದು ಅಜ್ಜಿ ಹೇಳಬಹುದು. ಕಾಫಿ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಕ್ಕಳ ನಿದ್ದೆ ಕೆಡಿಸುತ್ತದೆ ಎಂಬುದು ಬೇರೆ ಮಾತು.

ಅಪ್ಪ-ಅಮ್ಮ ಇಬ್ಬರೂ ತೀರಾ ಎತ್ತರ ಅಥವಾ ಇಬ್ಬರೂ ತೀರಾ ಗಿಡ್ಡ ಇದ್ದಾಗ ಸೂತ್ರ ಒಂದೇ ದಿಕ್ಕಿಗೆ ತಪ್ಪುತ್ತದೆ. ಇದನ್ನು ಮೊದಲು ಅಂಕಿಯಲ್ಲಿ ತೋರಿಸಿದವರು ಫ್ರಾನ್ಸಿಸ್ ಗಾಲ್ಟನ್, 1886ರಲ್ಲಿ. 205 ದಂಪತಿಗಳ 928 ಬೆಳೆದ ಮಕ್ಕಳ ಎತ್ತರವನ್ನು ಹೋಲಿಸಿ ನೋಡಿದಾಗ, ತುಂಬಾ ಎತ್ತರದವರ ಮಕ್ಕಳು ಎತ್ತರವೇ ಆದರೂ ಅಪ್ಪ-ಅಮ್ಮನಷ್ಟಲ್ಲ, ತುಂಬಾ ಗಿಡ್ಡಗಿನವರ ಮಕ್ಕಳು ಗಿಡ್ಡವೇ ಆದರೂ ಅಷ್ಟಲ್ಲ ಎಂಬುದು ಕಂಡುಬಂತು. ಸರಾಸರಿಯಿಂದ ಅಪ್ಪ-ಅಮ್ಮ ಎಷ್ಟು ದೂರವೋ ಅದರ ಮೂರರಲ್ಲಿ ಎರಡು ಪಾಲು ದೂರದಲ್ಲಿ ಮಕ್ಕಳು ನಿಂತಿದ್ದರು. ಈಗಿನ ಲೆಕ್ಕದಲ್ಲಿ ಮುಕ್ಕಾಲು ಎಂದು ಹಿಡಿದರೆ ಹತ್ತಿರವಾಗುತ್ತದೆ.

ಉದಾಹರಣೆಗೆ ಅಪ್ಪ 158, ಅಮ್ಮ 144 ಎನ್ನಿ. ಸೂತ್ರ ಮಗನಿಗೆ 157.5 ಕೊಡುತ್ತದೆ. ಅವರ ಸಮುದಾಯದ ಗಂಡಸರ ಸರಾಸರಿ 166 ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಇದು 8.5 ಕೆಳಗೆ. ಮುಕ್ಕಾಲು ಪಾಲು ಎಂದರೆ 6.4, ಹಾಗಾಗಿ ನಿರೀಕ್ಷೆ 159.6ರ ಹತ್ತಿರ ಇರಬೇಕು. ಯಾವ ಸರಾಸರಿ ಎಂಬುದೂ ಮುಖ್ಯ. ಕೊಡಗಿನಲ್ಲಿ ಕೊಡವರು, ಅರೆಭಾಷೆ ಗೌಡರು, ಯರವರು, ಜೇನುಕುರುಬರು, ತೋಟದ ಕೆಲಸಕ್ಕೆ ಹೊರಗಿನಿಂದ ಬಂದು ನೆಲೆಸಿದವರು ಎಲ್ಲರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಸರಾಸರಿ ಇಟ್ಟು ತಿದ್ದಲು ಹೋದರೆ ತಿದ್ದುಪಡಿಯೇ ತಪ್ಪಾದೀತು. ನಮ್ಮ ವಿರಾಜಪೇಟೆಯ ಮನೆಯಂತೆ ಅಪ್ಪ-ಅಮ್ಮ ತೀರಾ ಅಂಚಿನಲ್ಲಿ ಇಲ್ಲದಿದ್ದರೆ ಈ ತಿದ್ದುಪಡಿಯನ್ನು ಬಿಟ್ಟುಬಿಟ್ಟರೂ ನಷ್ಟವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಪ್ಪ-ಅಮ್ಮ ತಮ್ಮ ಜೀನುಗಳು ಕೊಟ್ಟಷ್ಟು ಎತ್ತರಕ್ಕೆ ಬೆಳೆದಿದ್ದಾರೆ ಎಂದು ಸೂತ್ರ ನಂಬಿಕೊಂಡಿರುತ್ತದೆ. ತೋಟದ ಲೈನ್ ಮನೆಯಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ, ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಭೇದಿ-ಜ್ವರ ಕಂಡ ತಾಯಿಯೊಬ್ಬಳು 146ಕ್ಕೆ ನಿಂತಿದ್ದರೆ, ಅವಳ ಜೀನುಗಳ ಲೆಕ್ಕ 150ನ್ನೂ ದಾಟಿರಬಹುದು. ಅವಳ ಮಗುವಿಗೆ ಒಳ್ಳೆಯ ಊಟ ಸಿಕ್ಕಿದರೆ ಅದು ಸೂತ್ರಕ್ಕಿಂತ ಮೇಲೆ ಹೋಗುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಮೋಸವಾಗುವುದು ಉಲ್ಟಾ ಸಂದರ್ಭದಲ್ಲಿ. ಮಗುವಿಗೂ ಊಟ ಸಾಲದೆ ಬೆಳವಣಿಗೆ ಕುಂಟುತ್ತಿದೆ, ಸೂತ್ರ ಹಾಕಿದರೆ ಎತ್ತರ ವ್ಯಾಪ್ತಿಯ ಒಳಗೇ ಇದೆ, ‘ಅಪ್ಪ-ಅಮ್ಮನೂ ಗಿಡ್ಡ, ವಂಶವೇ ಹಾಗೆ’ ಎಂದು ಕಡತ ಮುಚ್ಚಿಬಿಡುತ್ತಾರೆ. ಇಲ್ಲಿ ಸೂತ್ರ ಸಮಸ್ಯೆಯನ್ನು ಮುಚ್ಚಿಹಾಕಿತು. ಅಪ್ಪ-ಅಮ್ಮನಲ್ಲಿ ಒಬ್ಬರೇ ವಿಪರೀತ ಗಿಡ್ಡ ಇದ್ದು, ಕೈಕಾಲು ಮುಂಡಕ್ಕೆ ಹೋಲಿಸಿದರೆ ಚಿಕ್ಕದಾಗಿ ಕಂಡರೂ ಇದೇ ಎಚ್ಚರ ಬೇಕು. ಅದು ಮೂಳೆ ಬೆಳವಣಿಗೆಯ ಒಂದೇ ಜೀನಿನ ದೋಷವಾಗಿದ್ದರೆ ಮಗುವಿಗೆ ಅದು ಬಂದಿರುತ್ತದೆ, ಇಲ್ಲವೇ ಬಂದಿರುವುದಿಲ್ಲ. ನಡುವೆ ಸರಾಸರಿ ತೆಗೆಯುವುದಕ್ಕೆ ಅರ್ಥವೇ ಇರುವುದಿಲ್ಲ. ವಯಸ್ಸಾಗಿ ಬೆನ್ನು ಬಾಗಿದ ತಂದೆಯ ಈಗಿನ ಎತ್ತರವೂ ಲೆಕ್ಕಕ್ಕೆ ಬಾರದು. ಒಬ್ಬರ ಎತ್ತರ ಗೊತ್ತೇ ಇಲ್ಲದಿದ್ದರೆ ಊಹೆಯ ಸಂಖ್ಯೆ ತುಂಬುವುದಕ್ಕಿಂತ ಲೆಕ್ಕ ಹಾಕದಿರುವುದೇ ಮೇಲು.

ಇಷ್ಟೆಲ್ಲ ಆಚೀಚೆ ಇದ್ದೂ ಡಾಕ್ಟರು ಈ ಲೆಕ್ಕವನ್ನು ಬಿಡದಿರುವುದಕ್ಕೆ ಕಾರಣ, ಅವರು ಅದನ್ನು ಭವಿಷ್ಯ ಹೇಳಲು ಬಳಸುವುದಿಲ್ಲ. ಮಗನನ್ನು ಕೂಡಿಗೆಯ ಕ್ರೀಡಾ ಶಾಲೆಗೆ ಸೇರಿಸಬೇಕೋ, ಮುಂದೆ ಸೇನೆಗೆ ಎತ್ತರ ಸಾಲುತ್ತದೆಯೋ ಎಂದು 17 ಸೆಂಟಿಮೀಟರ್ ಅಗಲದ ವ್ಯಾಪ್ತಿಯಿಂದ ತೀರ್ಮಾನಿಸಲು ಆಗುವುದಿಲ್ಲ. ಅವರು ನೋಡುವುದು ಬೇರೆಯೇ: ಮಗು ಈಗ ಸಾಗುತ್ತಿರುವ ದಾರಿ ಮನೆಯವರ ಎತ್ತರಕ್ಕೆ ಹೊಂದುತ್ತದೆಯೇ?

ಅದಕ್ಕೆ ಬೆಳವಣಿಗೆಯ ಚಾರ್ಟು ಬೇಕು. ಐದು ವರ್ಷದಿಂದ ಹದಿನೆಂಟರವರೆಗೆ ನಮ್ಮಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಚಾರ್ಟು ಬಳಕೆಯಲ್ಲಿದೆ, ಗಂಡಿಗೆ ಒಂದು, ಹೆಣ್ಣಿಗೆ ಒಂದು. ಚಾರ್ಟಿನ ಬಲ ತುದಿಯಲ್ಲಿ, 18 ವರ್ಷದ ಗೆರೆಯ ಮೇಲೆ, ಹುಡುಗನ 168.5ನ್ನು ಗುರುತಿಸಬೇಕು, ಅದರ ಮೇಲೆ 177, ಕೆಳಗೆ 160. 168.5 ಮಕ್ಕಳ ನಡುಮಟ್ಟದ ಎತ್ತರ ತೋರುವ ನಡುವಿನ ಗೆರೆಗಿಂತ ಸ್ವಲ್ಪ ಕೆಳಗೆ ಬೀಳುತ್ತದೆ. ಆಮೇಲೆ 12 ವರ್ಷದ ಮೇಲೆ ಅವನ ಈಗಿನ 138ನ್ನು ಗುರುತಿಸಬೇಕು. ಅದು ತೀರಾ ತಳದ ಗೆರೆಗಿಂತ ಮೇಲೇ ಇದೆ, ಆದರೆ ಗುರಿಯ ಗುರುತು ಇರುವ ಗೆರೆಗಿಂತ ಇನ್ನೂ ಸ್ವಲ್ಪ ಕೆಳಗಿದೆ. ಹುಡುಗ ಮನೆಯವರಿಗೆ ಹೋಲಿಸಿದರೆ ತುಸು ಹಿಂದಿದ್ದಾನೆ. ಗಾಬರಿಪಡುವಷ್ಟು ಹಿಂದಿಲ್ಲ, ಹಾಗೆಂದು ನೋಡದೆ ಬಿಡುವಂತೆಯೂ ಇಲ್ಲ.

ಇಲ್ಲಿಂದ ಮುಂದೆ ಸೂತ್ರಕ್ಕಿಂತ ಹೆಚ್ಚು ತಿಳಿಸುವುದು ಬೆಳೆಯುವ ವೇಗ. ನಾಲ್ಕು ವರ್ಷ ದಾಟಿದ ಮಗು ಪ್ರೌಢಾವಸ್ಥೆ ಶುರುವಾಗುವವರೆಗೆ ವರ್ಷಕ್ಕೆ 4ರಿಂದ 6 ಸೆಂ.ಮೀ. ಬೆಳೆಯಬೇಕು. ಕಳೆದ ವರ್ಷ ಇದೇ ತಿಂಗಳು ಅವನು 133 ಇದ್ದರೆ ಐದು ಬೆಳೆದಿದ್ದಾನೆ, ದಾರಿ ಸರಿಯಿದೆ. 135 ಇದ್ದರೆ ಮೂರೇ ಬೆಳೆದಿದ್ದಾನೆ. ಆಗ ಅವನು ವ್ಯಾಪ್ತಿಯ ಒಳಗಿದ್ದರೂ ಥೈರಾಯ್ಡ್, ರಕ್ತಹೀನತೆ, ಕರುಳಿನ ತೊಂದರೆ, ಬೆಳವಣಿಗೆಯ ಹಾರ್ಮೋನು ಇವನ್ನು ಪರೀಕ್ಷಿಸಬೇಕಾಗುತ್ತದೆ. ಎರಡು ಅಳತೆಗಳ ನಡುವೆ ಕನಿಷ್ಠ ಆರು ತಿಂಗಳಿರಲಿ. ತಿಂಗಳಿಗೊಮ್ಮೆ ಅಳೆದರೆ ನಾಲ್ಕೈದು ಮಿಲಿಮೀಟರಿನ ಬೆಳವಣಿಗೆ ಅಳತೆಯ ತಪ್ಪಿನಲ್ಲೇ ಕಳೆದುಹೋಗುತ್ತದೆ.

ವೇಗ ಸರಿಯಿದ್ದೂ ಹುಡುಗ ಹಿಂದಿದ್ದರೆ ಡಾಕ್ಟರು ಅಪ್ಪನನ್ನು ಕೇಳುವ ಪ್ರಶ್ನೆ, ನೀವು ಯಾವಾಗ ಉದ್ದ ಬಂದಿರಿ ಎಂದು. ‘ಎಸ್ಸೆಸ್ಸೆಲ್ಸಿವರೆಗೂ ನಾನೂ ಮುಂದಿನ ಬೆಂಚೇ, ಪಿಯುಸಿಯಲ್ಲಿ ಬೆಳೆದೆ’ ಎಂದರೆ ಅದು ದೊಡ್ಡ ಸುಳಿವು. ಅಮ್ಮ ತಡವಾಗಿ ಮೈನೆರೆದಿದ್ದರೂ ಅಷ್ಟೇ. ಇಂಥ ಮನೆಯ ಮಕ್ಕಳು ತಡವಾಗಿ ಬೆಳೆಯುತ್ತಾರೆ, ಕೊನೆಗೆ ಮನೆಯವರ ಎತ್ತರದ ಆಸುಪಾಸಿಗೇ ಬರುತ್ತಾರೆ. ಅನುಮಾನ ತೀರಿಸಿಕೊಳ್ಳಲು ಎಡಗೈಯ ಮಣಿಕಟ್ಟು ಸಮೇತ ಒಂದು ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ನಮ್ಮ ಹುಡುಗನ ಮೂಳೆ 11 ವರ್ಷದ್ದು ಎಂದು ಬಂದರೆ, 138ನ್ನು 12ರ ಬದಲು 11ರ ಮೇಲೆ ಗುರುತಿಸಬಹುದು. ಆಗ ಅದು ನಡುವಿನ ಗೆರೆಗಿಂತ ಸ್ವಲ್ಪವೇ ಕೆಳಗೆ, 168.5 ಇದ್ದ ಗೆರೆಯ ಹತ್ತಿರಕ್ಕೆ ಬರುತ್ತದೆ. ಮೂಳೆ 12ರದ್ದೇ ಆಗಿದ್ದರೆ ಅವನ ಬಳಿ ಹೆಚ್ಚುವರಿ ಸಮಯವಿಲ್ಲ, ಅವನ ಎತ್ತರ ವ್ಯಾಪ್ತಿಯ ಕೆಳ ಅರ್ಧದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಇನ್ನು ಮೂಳೆ 13ರದ್ದೆಂದು ಬಂದರೆ ಕಾಯುವಂತಿಲ್ಲ. ಬೆಳೆಯಲು ಉಳಿದಿರುವ ಕಾಲ ಎಣಿಸಿದ್ದಕ್ಕಿಂತ ಕಡಿಮೆ ಎಂದರ್ಥ. ಆ ಎಕ್ಸ್‌ರೇ ಹಿಡಿದು ಮಕ್ಕಳ ಹಾರ್ಮೋನು ತಜ್ಞರನ್ನು ಅದೇ ತಿಂಗಳಲ್ಲಿ ಕಾಣಬೇಕು.